ಇಸಿಜಿಯ ಗೆರೆಯೂ 50 ಹರ್ಟ್ಸ್ ನಡುಕವೂ

ಇಸಿಜಿ ತೆಗೆಯುವಾಗ ಗೋಡೆಯೊಳಗಿನ ಕರೆಂಟು ವೈರಿನ ಪ್ರಭಾವ ನಮ್ಮ ಮೈಗೂ ತಟ್ಟುತ್ತದೆ. ಹೃದಯದ ಗೆರೆಯ ಮೇಲೆ ಸೆಕೆಂಡಿಗೆ 50 ಸಲ ನಡುಗುವ ಸಣ್ಣ ಅಲೆ ಕೂರುತ್ತದೆ. ಅದನ್ನಷ್ಟೇ ಕಿತ್ತುಹಾಕುವುದು ನಾಚ್ ಫಿಲ್ಟರ್‌ನ ಕೆಲಸ. ಒಳಬಂದ ಸಂಕೇತ ಹೊರಗೆ ಹೇಗೆ ಬರುತ್ತದೆ ಎಂದು ಹೇಳುವ ಅದರ ಟ್ರಾನ್ಸ್‌ಫರ್ ಫಂಕ್ಷನ್ ಒಂದು ಭಿನ್ನರಾಶಿ:

```
H(s) = (s² + 314²) / (s² + 2as + 314²)
```

314 ಎಂದರೆ 50 ಹರ್ಟ್ಸ್ ಅನ್ನು 2π ಇಂದ ಗುಣಿಸಿದ್ದು. ಅಂಶ ಸೊನ್ನೆಯಾಗುವ ಜಾಗಗಳು ಝೀರೋಗಳು, ಛೇದ ಸೊನ್ನೆಯಾಗುವ ಜಾಗಗಳು ಪೋಲ್‌ಗಳು. ಹಾಳೆಯ ಮೇಲೆ ಝೀರೋಗೆ ಸಣ್ಣ ಸೊನ್ನೆ, ಪೋಲ್‌ಗೆ ಇಂಟು ಗುರುತು ಹಾಕುತ್ತಾರೆ. ನಿಂತ ಗೆರೆಯ ಮೇಲೆ ಎತ್ತರಕ್ಕೆ ಹೋದಷ್ಟೂ ಆವರ್ತನ ಹೆಚ್ಚು. ಆ ಗೆರೆಯ ಎಡಕ್ಕಿದ್ದರೆ ಅಲೆ ತಾನಾಗಿ ಅಡಗುತ್ತದೆ, ಬಲಕ್ಕಿದ್ದರೆ ಬೆಳೆಯುತ್ತಲೇ ಹೋಗುತ್ತದೆ.

ನಮ್ಮ ಝೀರೋ ನಿಂತ ಗೆರೆಯ ಮೇಲೇ, 314ರ ಎತ್ತರದಲ್ಲಿದೆ. ಪೋಲ್ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, a ಯಷ್ಟು ಎಡಕ್ಕಿದೆ. (ಗೆರೆಯ ಕೆಳಭಾಗದಲ್ಲೂ ಇಂಥದೇ ಒಂದು ಜೋಡಿಯಿದೆ, ಸದ್ಯಕ್ಕೆ ಮರೆಯಬಹುದು.) ಈಗ ಬೆರಳನ್ನು ಆ ಗೆರೆಯ ಮೇಲೆ ಮೇಲಕ್ಕೆ ಸರಿಸಿ. ಬೆರಳಿಂದ ಝೀರೋಗಿರುವ ದೂರವನ್ನು ಪೋಲ್‌ಗಿರುವ ದೂರದಿಂದ ಭಾಗಿಸಿದರೆ ಆ ಆವರ್ತನ ಎಷ್ಟು ದಾಟುತ್ತದೆಂಬುದು ಸಿಕ್ಕಿತು. ಲೆಕ್ಕ ನಿಜಕ್ಕೂ ಇಷ್ಟೇ. 10 ಹರ್ಟ್ಸ್‌ನಲ್ಲಿ ಎರಡೂ ದೂರ, ಹೆಚ್ಚುಕಡಿಮೆ ಸಮ. ಸಂಕೇತ ಪೂರ್ತಿ ದಾಟುತ್ತದೆ. 50ಕ್ಕೆ ಮುಟ್ಟಿದಾಗ ಝೀರೋ ದೂರ ಸೊನ್ನೆ, ಏನೂ ದಾಟದು.

ಜಗಳವಿರುವುದು a ಯಲ್ಲಿ. 31.4 ಇಟ್ಟರೆ ಹಳ್ಳ 10 ಹರ್ಟ್ಸ್ ಅಗಲವಾಗುತ್ತದೆ. 45 ಹರ್ಟ್ಸ್‌ನಲ್ಲಿ ದೂರಗಳು 31.4 ಮತ್ತು 43.3, ಸಂಕೇತದ ಶೇ. 73ರಷ್ಟೇ ಉಳಿಯುತ್ತದೆ, ಅಂದರೆ ಹೃದಯದ ಪಾಲೂ ಸ್ವಲ್ಪ ಕರಗಿತು. ಹಾಗೆಂದು ಪೋಲನ್ನು 3.14ಕ್ಕೆ ಸರಿಸಿದರೆ ಹಳ್ಳ 1 ಹರ್ಟ್ಸ್‌ಗೆ ಕಿರಿದಾಗುತ್ತದೆ, 45 ಹರ್ಟ್ಸ್ ಬಹುತೇಕ ಪೂರ್ತಿ ಉಳಿಯುತ್ತದೆ. ಆದರೆ ನಮ್ಮ ವಿದ್ಯುತ್ ಜಾಲ ಸದಾ 50ರಲ್ಲೇ ನಿಲ್ಲುವುದಿಲ್ಲ. ಅದು 49.9ಕ್ಕೆ ಇಳಿದರೆ ನಡುಕದ ಐದನೇ ಒಂದು ಪಾಲು ನುಸುಳಿಬರುತ್ತದೆ. ಅಗಲದ ಹಳ್ಳದಲ್ಲಿ ನುಸುಳುವುದು ಬರೀ ಶೇ. 2.

ಇನ್ನೊಂದು ತೊಂದರೆ ಕಾಲದ್ದು. ಪೋಲ್ ಗೆರೆಗೆ ಹತ್ತಿರ ಬಂದಷ್ಟೂ ಬಾರಿಸಿದ ಗಂಟೆಯಂತೆ ಫಿಲ್ಟರ್ ಗುಂಯ್‌ಗುಡುತ್ತದೆ. ಹೃದಯಬಡಿತದ ಚೂಪಾದ ಏರಿಳಿತ ಬಂದೊಡನೆ ಹಿಂದೆಯೇ ಒಂದು 50 ಹರ್ಟ್ಸ್ ಅಲೆ ಹುಟ್ಟುತ್ತದೆ. ಅದು ಮೂರನೇ ಒಂದು ಪಾಲಿಗೆ ಇಳಿಯಲು ಬೇಕಾದ ಕಾಲ ಸುಮಾರು 1/a ಸೆಕೆಂಡು: ಅಗಲದ ಹಳ್ಳಕ್ಕೆ 0.03, ಕಿರಿದರದ್ದಕ್ಕೆ 0.3. ಕಿರಿದಾದ ಹಳ್ಳದ ಗುಂಗು ಸಣ್ಣದೇ, ಆದರೆ ನಿಮಿಷಕ್ಕೆ 75 ಬಡಿತವಿದ್ದರೆ ಮುಂದಿನ ಬಡಿತ 0.8 ಸೆಕೆಂಡಿಗೇ ಬರುತ್ತದೆ. ಎರಡರ ನಡುವೆ ವೈದ್ಯರು ನೋಡಬೇಕಾದ ಸಮತಟ್ಟು ಜಾಗದಲ್ಲಿ ಅದು ಉಳಿದುಬಿಡುತ್ತದೆ.

ಸರ್ಕ್ಯೂಟಿನಲ್ಲಿ ಹಳ್ಳವನ್ನು ಕಿರಿದಾಗಿಸಲು ಫೀಡ್‌ಬ್ಯಾಕ್ ಹೆಚ್ಚಿಸುತ್ತಾರೆ. ರೆಸಿಸ್ಟರ್ ಬೆಲೆಯ ಸಣ್ಣ ವ್ಯತ್ಯಾಸಕ್ಕೇ ಅದು ಮಿತಿ ಮೀರಿದರೆ ಪೋಲ್ ಗೆರೆ ದಾಟಿ ಬಲಕ್ಕೆ ಜಾರುತ್ತದೆ, ಫಿಲ್ಟರೇ 50 ಹರ್ಟ್ಸ್ ಹುಟ್ಟಿಸತೊಡಗುತ್ತದೆ. ತೆರೆಯ ಮೇಲಿನ ನಡುಕ ಗೋಡೆಯದೋ ಫಿಲ್ಟರಿನದೋ ಎಂದು ತಿಳಿಯಲು ಒಳಬರುವ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡಿ ನೋಡಬೇಕು. ಆಗಲೂ ಅಲೆ ನಿಲ್ಲದಿದ್ದರೆ, ಮೊದಲು ಫಿಲ್ಟರನ್ನೇ ಅನುಮಾನಿಸಬೇಕು.