ಕಡೇ ದಿನದ ಇಮೇಲ್ ಹೀಗಿರಲಿ

ಚೆನ್ನೈನ ಓಎಂಆರ್ ರಸ್ತೆಯ ಕಂಪನಿಯೊಂದರಲ್ಲಿ 14 ವರ್ಷ ದುಡಿದು ಹೊರಡುತ್ತಿದ್ದೀರಿ ಅಂದುಕೊಳ್ಳಿ. ಸಹೋದ್ಯೋಗಿಗಳಿಗೆ ಕಡೆಯ ಇಮೇಲ್ ಹೇಗೆ ಬರೆಯೋದು?

ಸುತ್ತಿ ಬಳಸಬೇಡಿ. ಮೊದಲ ಸಾಲು: "ಇವತ್ತು ಇಲ್ಲಿ ನನ್ನ ಕಡೆಯ ದಿನ."

ಆಮೇಲೆ ಒಂದೇ ಒಂದು ನೆನಪು. "ನೀವೆಲ್ಲ ನನ್ನ ಕುಟುಂಬ" ಅಂದರೆ ಯಾರಿಗೂ ತಟ್ಟಲ್ಲ. ಬದಲಿಗೆ: "2015ರ ಡಿಸೆಂಬರ್ ನೆರೆಯಲ್ಲಿ ಮಡಿಪಾಕ್ಕಂನ ನಮ್ಮ ಮನೆಗೆ ಹಾಲು, ಕುಡಿಯುವ ನೀರು ತಂದುಕೊಟ್ಟಿರಿ. ಮರೆತಿಲ್ಲ." ತಂದುಕೊಟ್ಟವರಿಗೆ ಅದು ತಮ್ಮ ಬಗ್ಗೆಯೇ ಅಂತ ಗೊತ್ತಾಗುತ್ತೆ. ವಿಶೇಷಣಗಳೇ ಬೇಕಿಲ್ಲ.

ಹೆಸರುಗಳ ಪಟ್ಟಿ ಹಾಕಬೇಡಿ. ನಲವತ್ತು ಹೆಸರು ಬರೆದರೂ ಬಿಟ್ಟುಹೋದ ಒಬ್ಬರಿಗೆ ನೋವಾಗುತ್ತೆ. ಇಡೀ ತಂಡಕ್ಕೆ ಒಂದು ಧನ್ಯವಾದ ಹೇಳಿ. ತೀರಾ ಹತ್ತಿರದವರಿಗೆ ಬೇರೆಯಾಗಿ ಬರೆಯಿರಿ.

ಮುನಿಸಿದ್ದರೆ ಅದನ್ನು ಎಕ್ಸಿಟ್ ಇಂಟರ್‌ವ್ಯೂನಲ್ಲಿ ಹೇಳಿ, ಇಲ್ಲಿ ಬೇಡ. ಹೊಸ ಕೆಲಸದ ಬಣ್ಣನೆಯೂ ಬೇಡ. ನಿಮ್ಮ ಕೆಲಸ ಯಾರ ಕೈಗೆ ಒಪ್ಪಿಸಿದ್ದೀರಿ ಅನ್ನೋದು ಮಾತ್ರ ಒಂದು ಸಾಲಲ್ಲಿ ಇರಲಿ.

ಇನ್ನು ಕಳಿಸೋದು. ವಿಳಾಸಗಳನ್ನೆಲ್ಲ ಬಿಸಿಸಿಯಲ್ಲಿ ಹಾಕಿ. ಇಲ್ಲದಿದ್ದರೆ "ಆಲ್ ದ ಬೆಸ್ಟ್" ಅನ್ನೋ ರಿಪ್ಲೈ ಆಲ್‌ಗಳು ಎಲ್ಲರ ಇನ್‌ಬಾಕ್ಸ್ ತುಂಬುತ್ತವೆ. ಸಂಜೆವರೆಗೆ ಕಾಯಬೇಡಿ. ಅನೇಕ ಕಡೆ ಕಡೇ ದಿನ ಲ್ಯಾಪ್‌ಟಾಪ್ ಒಪ್ಪಿಸಿದ ಕೂಡಲೇ ಲಾಗಿನ್ ಬಂದ್. ಆಮೇಲೆ ಬರೋ ಉತ್ತರ ನಿಮಗೆ ಕಾಣೋದೇ ಇಲ್ಲ.

ಹಾಗಾಗಿ ಬೆಳಿಗ್ಗೆಯೇ ಕಳಿಸಿ. ಕೊನೆಯಲ್ಲಿ ನಿಮ್ಮ ಸ್ವಂತ ಇಮೇಲ್ ವಿಳಾಸ ಬರೆಯೋದನ್ನ ಮರೆಯಬೇಡಿ.