ಹೊಸಬರನ್ನು ಬರಮಾಡಿಕೊಳ್ಳುವ ನಾಲ್ಕು ಸಾಲು

ಕಲಬುರಗಿಯಲ್ಲಿ ಒಂದು ಬೇಳೆ ಗಿರಣಿ ಇದೆ ಎಂದುಕೊಳ್ಳಿ. ಅಲ್ಲಿಗೆ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿ ಒಬ್ಬರು ಸೇರಿದ್ದಾರೆ. ಗಿರಣಿಗೆ ಲಿಂಕ್ಡ್‌ಇನ್‌ನಲ್ಲೂ ಇನ್‌ಸ್ಟಾಗ್ರಾಮ್‌ನಲ್ಲೂ ಪುಟವಿದೆ. ಕಚೇರಿ ಹುಡುಗ ಅವರ ಫೋಟೊ ಹಾಕಿ, ಕೆಳಗೆ ಹೀಗೆ ಬರೆಯುತ್ತಾನೆ: ‘ನಮ್ಮ ಕುಟುಂಬಕ್ಕೆ ಹೊಸ ಸದಸ್ಯರನ್ನು ಸ್ವಾಗತಿಸಲು ಹರ್ಷಿಸುತ್ತೇವೆ. ಅಪಾರ ಅನುಭವವುಳ್ಳ ಇವರು ಸಂಸ್ಥೆಯನ್ನು ಹೊಸ ಎತ್ತರಕ್ಕೆ ಕೊಂಡೊಯ್ಯಲಿದ್ದಾರೆ.’

ಇದರಲ್ಲಿ ಕಾಗುಣಿತ ತಪ್ಪಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ಆ ಹೆಣ್ಣುಮಗಳು ಏನು ಕೆಲಸ ಮಾಡುತ್ತಾರೆ, ಎಲ್ಲಿಂದ ಬಂದರು ಎಂಬುದೇ ತಿಳಿಯುವುದಿಲ್ಲ. ಮುಂದಿನ ತಿಂಗಳು ಲೆಕ್ಕಪತ್ರ ನೋಡುವವರು ಸೇರಿದರೂ ಇದೇ ಎರಡು ಸಾಲನ್ನು ಹಾಕಬಹುದು.

ಇಂಥ ಪೋಸ್ಟ್ ಓದುವವರು ಯಾರೆಂದು ಮೊದಲು ನೋಡಬೇಕು. ಗಿರಣಿಗೆ ತೊಗರಿ ತರುವ ರೈತರು, ಅಡತಿಯವರು, ಬೇಳೆ ಕೊಳ್ಳುವ ವ್ಯಾಪಾರಿಗಳು, ಸೇರಿದವರ ಹಳೆಯ ಸಹೋದ್ಯೋಗಿಗಳು, ಅವರ ಮನೆಯವರು. ಇವರಲ್ಲಿ ಹೆಚ್ಚಿನವರಿಗೆ ಬೇಕಾದ್ದು ಒಂದೇ: ಇನ್ನು ಯಾವ ವಿಷಯಕ್ಕೆ ಇವರನ್ನು ಕೇಳಬೇಕು? ಅದಕ್ಕೇ ಹುದ್ದೆಯ ಹೆಸರಿಗಿಂತ ಕೆಲಸದ ವಿವರ ಮುಂದೆ ಬರಬೇಕು. ಹೆಸರಿನ ಜಾಗವನ್ನು ಬಿಟ್ಟು ಅದೇ ಬರಹವನ್ನು ಮತ್ತೆ ಬರೆದರೆ ಹೀಗಾಗುತ್ತದೆ:

‘ಗಿರಣಿಗೆ ಬರುವ ಪ್ರತಿ ಲೋಡ್ ತೊಗರಿಯನ್ನು ಇನ್ನು ಮುಂದೆ ಪರೀಕ್ಷಿಸುವವರು ಇವರು. ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿ ಸೋಮವಾರ ಸೇರಿದ್ದಾರೆ. ಆಹಾರ ವಿಜ್ಞಾನ ಓದಿ, ಆರು ವರ್ಷ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ತೇವಾಂಶ, ಕಲಬೆರಕೆ ಪರೀಕ್ಷೆ ಮಾಡಿದವರು. ಕಾಳಿನ ತೇವಾಂಶದ ಬಗ್ಗೆ ಅನುಮಾನವಿದ್ದರೆ ಮಾದರಿ ತನ್ನಿ, ನಿಮ್ಮೆದುರೇ ನೋಡಿ ಹೇಳುತ್ತಾರೆ. ಊಟದ ಬಿಡುವಿನಲ್ಲಿ ಕೇರಂ ಆಡುವ ನಮ್ಮವರಿಗೂ ಒಬ್ಬ ಗಟ್ಟಿ ಎದುರಾಳಿ ಸಿಕ್ಕಿದ್ದಾರೆ. ಬನ್ನಿ ಮೇಡಂ, ನಿಮಗೆ ಸ್ವಾಗತ.’

ಆತ್ಮೀಯತೆ ಎಲ್ಲಿಂದ ಬಂತು ನೋಡಿ. ‘ಹರ್ಷ’ ಎಂಬ ಪದ ಇಲ್ಲಿ ಇಲ್ಲವೇ ಇಲ್ಲ. ಕೇರಂ ಆಡುತ್ತಾರೆ ಎಂಬುದನ್ನು ಯಾರೋ ಅವರ ಜೊತೆ ಕೂತು ಮಾತಾಡಿ ತಿಳಿದಿದ್ದಾರೆ. ಓದುಗರಿಗೆ ಅದು ತಟ್ಟುತ್ತದೆ. ಇಂಥ ವಿವರ ಒಂದು ಸಾಕು. ವಯಸ್ಸು, ಮದುವೆ, ಮಕ್ಕಳು, ವಾಸದ ಬಡಾವಣೆ ಇವು ಯಾವುವೂ ಬೇಡ.

ಮೊದಲ ಸಾಲಿನ ಮೇಲೆ ಹೆಚ್ಚು ಶ್ರಮ ಹಾಕುವುದಕ್ಕೆ ಇನ್ನೊಂದು ಕಾರಣವಿದೆ. ಇನ್‌ಸ್ಟಾಗ್ರಾಮ್ 2,200 ಅಕ್ಷರಗಳವರೆಗೂ ಲಿಂಕ್ಡ್‌ಇನ್ 3,000ದವರೆಗೂ ಜಾಗ ಕೊಡುತ್ತವೆ, ನಿಜ. ಆದರೆ ಮೊಬೈಲಿನಲ್ಲಿ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ಕನ್ನಡದಲ್ಲಿ ಲೆಕ್ಕ ಇನ್ನೂ ಬೇಗ ತುಂಬುತ್ತದೆ. ನಮ್ಮ ಕಣ್ಣಿಗೆ ‘ಸ್ವಾಗತ’ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತು, ದೀರ್ಘಗಳೂ ಬೇರೆ ಬೇರೆ ಸಂಕೇತಗಳಾದ್ದರಿಂದ ಅದು ಆರು. ‘ಹರ್ಷಿಸುತ್ತೇವೆ’ ಎನ್ನುವಷ್ಟರಲ್ಲಿ ಕಾಣುವ ಜಾಗ ಮುಗಿದಿದ್ದರೆ ಓದುಗ ಮುಂದೆ ಸರಿದಾಯಿತು.

ಹಿನ್ನೆಲೆಯ ಸಾಲಿನಲ್ಲಿ ಹಳೆಯ ಸಂಸ್ಥೆಯ ಹೆಸರು ಬಂದರೆ ತೊಂದರೆಯಿಲ್ಲ, ಸೇರಿದವರು ಒಪ್ಪಿದ್ದರೆ. ಅಲ್ಲಿನ ಗಿರಾಕಿಗಳ ಹೆಸರು, ‘ಪ್ರತಿಸ್ಪರ್ಧಿಯಿಂದ ನಮ್ಮ ಕಡೆಗೆ’ ಎಂಬ ಧಾಟಿ ಮಾತ್ರ ಕೂಡದು. ಸಮಯವೂ ಮುಖ್ಯ. ಆಫರ್ ಲೆಟರ್‌ಗೆ ಸಹಿ ಬಿದ್ದ ಕೂಡಲೇ ಪೋಸ್ಟ್ ಹಾಕುವವರಿದ್ದಾರೆ. ಆಗ ಆ ವ್ಯಕ್ತಿ ಹಳೆಯ ಕಡೆ ನೋಟಿಸ್ ಅವಧಿಯಲ್ಲಿರಬಹುದು, ರಿಲೀವಿಂಗ್ ಲೆಟರ್ ಕೈಗೆ ಬಂದಿರಲಿಕ್ಕಿಲ್ಲ. ಕೆಲಸಕ್ಕೆ ಹಾಜರಾಗಿ ಒಂದು ವಾರ ಕಳೆದ ಮೇಲೆ ಹಾಕಿದರೆ ಬರೆಯಲು ವಿಷಯವೂ ಸಿಕ್ಕಿರುತ್ತದೆ.

ಹಾಕುವ ಮುಂಚೆ ಫೋಟೊವನ್ನೂ ಬರಹವನ್ನೂ ಅವರಿಗೆ ಕಳಿಸಿ, ‘ಸರಿಯಿದೆ, ಹಾಕಿ’ ಎಂಬ ಉತ್ತರವನ್ನು ಬರಹದಲ್ಲೇ ಪಡೆಯುವುದು ಒಳ್ಳೆಯದು. ಹೆಸರಿನ ಕಾಗುಣಿತ, ಹುದ್ದೆಯ ಸರಿಯಾದ ಹೆಸರು, ಅನುಭವದ ವರ್ಷಗಳು ಹೆಚ್ಚಾಗಿ ತಪ್ಪುವುದು ಇಲ್ಲೇ. ಟ್ಯಾಗ್ ಮಾಡುವಾಗ @ ಒತ್ತಿದ ಮೇಲೆ ಬರುವ ಪಟ್ಟಿಯಲ್ಲಿ ಅದೇ ಹೆಸರಿನವರು ಹಲವರಿರುತ್ತಾರೆ; ಪ್ರೊಫೈಲ್ ನೋಡಿ ಆರಿಸಬೇಕು.

ಫೋನ್ ನಂಬರ್, ಮೇಲಧಿಕಾರಿಯ ಹೆಸರು ಪೋಸ್ಟ್‌ನಲ್ಲಿ ಬೇಡ ಎನ್ನಲು ಬಲವಾದ ಕಾರಣವಿದೆ. ಹೊಸಬರ ಮೇಲೆ ಕಣ್ಣಿಟ್ಟ ವಂಚಕರು ಇಂಥ ಪೋಸ್ಟ್ ನೋಡಿ, ಮಾಲೀಕರ ಫೋಟೊ ಹಾಕಿಕೊಂಡು ವಾಟ್ಸ್ಆ್ಯಪ್ ಮಾಡುತ್ತಾರೆ: ‘ಮೀಟಿಂಗ್‌ನಲ್ಲಿದ್ದೇನೆ, ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ.’ ಮಾಲೀಕರ ದನಿ, ರೀತಿ ಇನ್ನೂ ಪರಿಚಯವಿಲ್ಲದ ಹೊಸಬರು ಇಲ್ಲ ಎನ್ನಲು ಹಿಂಜರಿಯುತ್ತಾರೆ. ಪೋಸ್ಟ್ ಹಾಕುವ ದಿನವೇ ಅವರನ್ನು ಕರೆದು, ಯಜಮಾನರು ಹಣದ ವಿಷಯವನ್ನು ಮೆಸೇಜಿನಲ್ಲಿ ಹೇಳುವುದಿಲ್ಲ ಎಂದು ತಿಳಿಸಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.