ಎಚ್‌ಆರ್‌ಗೆ ದೂರು: ಆರೋಪಕ್ಕಿಂತ ಮೊದಲು ತಾರೀಕು

‘ನಮ್ಮ ಮ್ಯಾನೇಜರ್ ಸದಾ ಎಲ್ಲರ ಎದುರು ಅವಮಾನ ಮಾಡುತ್ತಾರೆ. ಮಾನಸಿಕ ಕಿರುಕುಳ ತಡೆಯಲಾಗುತ್ತಿಲ್ಲ. ದಯವಿಟ್ಟು ಕ್ರಮ ಕೈಗೊಳ್ಳಿ.’

ಇಂಥ ಮೂರು ಸಾಲಿನ ಮೇಲ್ ಎಚ್‌ಆರ್ ವಿಭಾಗಕ್ಕೆ ಹೋಯಿತು ಅಂದುಕೊಳ್ಳಿ. ಅವರು ಮ್ಯಾನೇಜರನ್ನು ಕರೆದು ಕೇಳುತ್ತಾರೆ. ‘ಕೆಲಸದಲ್ಲಿ ತಪ್ಪಾದಾಗ ಹೇಳಿದ್ದೇನೆ, ಅದು ನನ್ನ ಜವಾಬ್ದಾರಿ’ ಎಂಬ ಉತ್ತರ ಬರುತ್ತದೆ. ಒಬ್ಬರು ಅವಮಾನ ಎಂದರು, ಇನ್ನೊಬ್ಬರು ಮಾರ್ಗದರ್ಶನ ಎಂದರು. ಯಾವುದು ನಿಜ ಎಂದು ಪರೀಕ್ಷಿಸಲು ಎಚ್‌ಆರ್ ಕೈಯಲ್ಲಿ ಏನೂ ಇಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸಿ, ‘ಹೊಂದಿಕೊಂಡು ಹೋಗಿ’ ಎಂದು ಹೇಳಿ ಕಡತ ಮುಚ್ಚುವುದು ಅವರಿಗೆ ಉಳಿಯುವ ಸುಲಭದ ದಾರಿ. ದೂರು ಕೊಟ್ಟವರು ಮರುದಿನದಿಂದ ಅದೇ ಮ್ಯಾನೇಜರ್ ಕೆಳಗೆ, ಮೊದಲಿಗಿಂತ ಕಷ್ಟದಲ್ಲಿ ಕೆಲಸ ಮಾಡಬೇಕು.

ಮೇಲಧಿಕಾರಿಯ ಒರಟುತನವನ್ನೇ ಅಪರಾಧವೆಂದು ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಹಾಗಾಗಿ ಇಂಥ ದೂರಿಗೆ ಮುಖ್ಯ ಆಧಾರ ಕಂಪನಿಯದೇ ನಡತೆ ಸಂಹಿತೆ ಮತ್ತು ಕುಂದುಕೊರತೆ ನೀತಿ. ಕೆಲಸಕ್ಕೆ ಸೇರುವಾಗ ಓದದೆ ಸಹಿ ಹಾಕಿದ ಕಾಗದಗಳಲ್ಲಿ ಅಥವಾ ಕಂಪನಿಯ ಒಳ ಪೋರ್ಟಲ್‌ನಲ್ಲಿ ಅವು ಇರುತ್ತವೆ. ಪತ್ರ ಬರೆಯುವ ಮೊದಲು ಅವನ್ನು ಓದಿ, ದೂರು ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದನ್ನು ನೋಡಿಕೊಳ್ಳಬೇಕು.

ಮಹಿಳೆಯ ಮೇಲಿನ ಲೈಂಗಿಕ ಕಿರುಕುಳದ ದಾರಿಯೇ ಬೇರೆ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ದೂರನ್ನು ಆ ಸಮಿತಿಗೇ, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಎಚ್‌ಆರ್ ಜೊತೆ ಮೇಲ್ ವ್ಯವಹಾರ ಮಾಡುತ್ತಾ ಕೂತರೆ ಈ ಅವಧಿ ಕೈತಪ್ಪುತ್ತದೆ.

ಇಲ್ಲಿ ನಾವು ನೋಡುವುದು ದಿನನಿತ್ಯದ ಬೈಗುಳ, ಬೆದರಿಕೆ, ರಜೆ ಕಿತ್ತುಕೊಳ್ಳುವಂಥ ವರ್ತನೆಯ ದೂರನ್ನು. ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ಉದ್ಯೋಗಿಯೊಬ್ಬರು ಬರೆಯಬಹುದಾದ ಪತ್ರ ಹೀಗಿರುತ್ತದೆ. ವ್ಯಕ್ತಿಗಳೂ ಘಟನೆಗಳೂ ಕಲ್ಪಿತ.

ಮಾದರಿ ಪತ್ರ

10 ನವೆಂಬರ್ 2025

ವಿಷಯ: ನನ್ನ ಮ್ಯಾನೇಜರ್ ಅವರ ವರ್ತನೆ ಕುರಿತು ಔಪಚಾರಿಕ ದೂರು

ಮಾನ್ಯರೆ,

ನಾನು 2022ರ ಜೂನ್‌ನಿಂದ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಈ ವರ್ಷದ ಆಗಸ್ಟ್‌ನಿಂದ ನನ್ನ ಮ್ಯಾನೇಜರ್ ಆಗಿರುವ ಶ್ರೀ ........ ಅವರ ವರ್ತನೆಯ ಬಗ್ಗೆ ಕಂಪನಿಯ ಕುಂದುಕೊರತೆ ನೀತಿಯಡಿ ಈ ದೂರು ಸಲ್ಲಿಸುತ್ತಿದ್ದೇನೆ.

1. 11 ಸೆಪ್ಟೆಂಬರ್ 2025, ಗುರುವಾರ, ಬೆಳಿಗ್ಗೆ ಸುಮಾರು 10.30, ಎರಡನೇ ಮಹಡಿಯ ಮೀಟಿಂಗ್ ರೂಮ್. ಹಿಂದಿನ ದಿನ ನಾನು ಒಂದು ಬಿಲ್ಲನ್ನು ಎರಡು ಸಲ ನಮೂದಿಸಿದ್ದೆ. ತಪ್ಪು ನನ್ನದು, ಹಣ ಪಾವತಿಯಾಗುವ ಮೊದಲೇ ಸರಿಪಡಿಸಿದ್ದೆ. ಮೀಟಿಂಗ್‌ನಲ್ಲಿ ಅವರು, ‘ನಿನ್ನಂಥ ದಡ್ಡನನ್ನು ಕೆಲಸಕ್ಕೆ ತಗೊಂಡವರಿಗೆ ಬುದ್ಧಿ ಇಲ್ಲ’ ಎಂದರು. ತಂಡದ ಆರು ಜನ ಹಾಜರಿದ್ದರು. ಹೆಸರುಗಳು ಅನುಬಂಧದಲ್ಲಿವೆ.

2. 17 ಅಕ್ಟೋಬರ್ 2025, ಶುಕ್ರವಾರ, ಸಂಜೆ 7.40, ತಂಡದ ವಾಟ್ಸಾಪ್ ಗುಂಪು. ದೀಪಾವಳಿಯ 20 ಮತ್ತು 22ರ ರಜೆಗಳ ನಡುವಿನ 21ಕ್ಕೆ ನಾನು ಕೇಳಿದ್ದ ಒಂದು ದಿನದ ರಜೆಗೆ ಅವರೇ ಸೆಪ್ಟೆಂಬರ್ 25ರಂದು ಒಪ್ಪಿಗೆ ಕೊಟ್ಟಿದ್ದರು. ಗುಂಪಿನಲ್ಲಿ ಅವರು ಹಾಕಿದ ಸಂದೇಶ: ‘ನಿನ್ನ ರಜೆ ಕ್ಯಾನ್ಸಲ್. ಬರದಿದ್ದರೆ ರಾಜೀನಾಮೆ ತಗೊಂಡೇ ಬಾ.’ ಕಾರಣ ತಿಳಿಸಲಿಲ್ಲ. ನಾನು 21ರಂದು ಕೆಲಸಕ್ಕೆ ಹಾಜರಾದೆ. ರಜೆ ದಾಖಲೆಯಲ್ಲಿ ಆ ದಿನ ಇಂದಿಗೂ ‘ಒಪ್ಪಿಗೆಯಾಗಿದೆ’ ಎಂದೇ ಇದೆ.

3. 6 ನವೆಂಬರ್ 2025, ಗುರುವಾರ, ಸಂಜೆ ಸುಮಾರು 4 ಗಂಟೆ, ಅವರ ಕ್ಯಾಬಿನ್. ಗುಂಪಿನ ಸಂದೇಶದಿಂದ ನನಗೆ ನೋವಾಗಿದೆ ಎಂದು ಹೇಳಲು ಹೋಗಿದ್ದೆ. ಎಚ್‌ಆರ್‌ಗೆ ಹೋದರೆ ನನ್ನ ರೇಟಿಂಗ್ ಏನಾಗುತ್ತದೋ ನೋಡಿಕೋ ಎಂಬ ಅರ್ಥದಲ್ಲಿ ಮಾತಾಡಿದರು. ಬೇರೆ ಯಾರೂ ಇರಲಿಲ್ಲ. ಅದೇ ದಿನ 5.10ಕ್ಕೆ ಈ ಮಾತುಕತೆಯ ಸಾರಾಂಶವನ್ನು ಅವರಿಗೆ ಮೇಲ್ ಮಾಡಿದೆ. ಉತ್ತರ ಬಂದಿಲ್ಲ.

ನನ್ನ ಕೋರಿಕೆಗಳು: (ಅ) ಈ ಮೂರು ಘಟನೆಗಳ ಬಗ್ಗೆ ನೀತಿಯಂತೆ ವಿಚಾರಣೆ ನಡೆಸಿ, ಅದು ಮುಗಿದದ್ದನ್ನು ನನಗೆ ಲಿಖಿತವಾಗಿ ತಿಳಿಸಬೇಕು. (ಆ) ಅಲ್ಲಿಯವರೆಗೆ ನಾನು ಬೇರೊಬ್ಬ ಮ್ಯಾನೇಜರ್‌ಗೆ ವರದಿ ಮಾಡುವಂತೆ ವ್ಯವಸ್ಥೆ ಮಾಡಬೇಕು. (ಇ) ಈ ವರ್ಷದ ನನ್ನ ರೇಟಿಂಗನ್ನು ವಿಭಾಗದ ಮುಖ್ಯಸ್ಥರು ಪರಿಶೀಲಿಸಬೇಕು.

ನವೆಂಬರ್ 21ರೊಳಗೆ ಭೇಟಿಗೆ ಸಮಯ ಕೊಡಬೇಕೆಂದು ವಿನಂತಿ.

ಇಂತಿ,
(ಹೆಸರು, ಉದ್ಯೋಗಿ ಸಂಖ್ಯೆ)

ಪತ್ರದ ಒಳಗೆ ಏನಿದೆ?

ಇಡೀ ಪತ್ರದಲ್ಲಿ ‘ಅಹಂಕಾರಿ’, ‘ಸರ್ವಾಧಿಕಾರಿ’, ‘ಕಿರುಕುಳ’ ಎಂಬ ಒಂದು ಪದವೂ ಇಲ್ಲ. ಮ್ಯಾನೇಜರ್ ಎಂಥ ಮನುಷ್ಯ ಎಂಬ ತೀರ್ಪನ್ನು ಓದುವವರಿಗೆ ಬಿಟ್ಟಿದೆ. ಅದರ ಬದಲು ಪ್ರತಿ ಘಟನೆಗೂ ದಿನ, ಹೊತ್ತು, ಜಾಗ, ಆಡಿದ ಮಾತು, ಇದ್ದವರು ಎಂಬ ಐದು ವಿವರಗಳಿವೆ. ಇವು ಎಚ್‌ಆರ್‌ಗೆ ಕೆಲಸ ಕೊಡುತ್ತವೆ: ಅಂದು ಮೀಟಿಂಗ್ ನಡೆದಿತ್ತೇ ಎಂದು ಕ್ಯಾಲೆಂಡರ್ ನೋಡಬಹುದು, ಆರು ಜನರನ್ನು ಬೇರೆಬೇರೆಯಾಗಿ ಕೇಳಬಹುದು, ರಜೆ ದಾಖಲೆ ತೆಗೆಯಬಹುದು. ‘ಸದಾ ಬೈಯುತ್ತಾರೆ’ ಎಂಬುದನ್ನು ಮ್ಯಾನೇಜರ್ ಒಂದೇ ಮಾತಿನಲ್ಲಿ ಅಲ್ಲಗಳೆಯಬಹುದು. ‘ಸೆಪ್ಟೆಂಬರ್ 11ರ ಮೀಟಿಂಗ್‌ನಲ್ಲಿ ಹೀಗೆ ಅಂದಿರಾ?’ ಎಂಬುದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಇಲ್ಲ ಎಂದರೆ ಆರು ಜನರ ಹೇಳಿಕೆಯನ್ನು ಎದುರಿಸಬೇಕು.

ನೆನಪಿನ ಗಡಿಯನ್ನೂ ಪತ್ರ ಗೌರವಿಸುತ್ತದೆ. ವಾಟ್ಸಾಪ್ ಸಂದೇಶದ ಹೊತ್ತು ನಿಖರವಾಗಿದೆ, ಮೀಟಿಂಗ್‌ನ ಹೊತ್ತಿಗೆ ‘ಸುಮಾರು’ ಎಂದಿದೆ. ಮೊದಲ ಎರಡು ಕಡೆ ಮಾತನ್ನು ಇದ್ದಂತೆಯೇ ಉದ್ಧರಿಸಿದೆ, ಮೂರನೆಯ ಕಡೆ ‘ಎಂಬ ಅರ್ಥದಲ್ಲಿ’ ಎಂದಿದೆ. ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಬರೆದು, ಆಮೇಲೆ ಒಂದು ಸುಳ್ಳೆಂದು ತೋರಿದರೆ ಉಳಿದ ಎರಡರ ಮೇಲೂ ಅನುಮಾನ ಬೀಳುತ್ತದೆ. ಪತ್ರವನ್ನು ಇಂಗ್ಲಿಷಿನಲ್ಲಿ ಕಳಿಸುವವರು ಬೈದ ಮಾತನ್ನು ಆಡಿದ ಭಾಷೆಯಲ್ಲೇ ಬರೆದು ಕೆಳಗೆ ಅರ್ಥ ಕೊಡಬೇಕು. ಆರು ಜನರ ಎದುರು ಏಕವಚನದಲ್ಲಿ ಕರೆದದ್ದರ ಪೆಟ್ಟು ಅನುವಾದದಲ್ಲಿ ಕಾಣುವುದಿಲ್ಲ.

ಬಿಲ್ಲಿನ ತಪ್ಪನ್ನು ತಾನೇ ಒಪ್ಪಿಕೊಂಡಿರುವುದು ಕೆಲವರಿಗೆ ಪೆದ್ದುತನ ಅನಿಸಬಹುದು. ಆದರೆ ಇಂಥ ದೂರಿಗೆ ಮ್ಯಾನೇಜರ್ ಕಡೆಯಿಂದ ಮೊದಲು ಬರುವ ಉತ್ತರವೇ ‘ಅವರ ಕೆಲಸ ಸರಿಯಿಲ್ಲ’ ಎಂಬುದು. ಆ ವಿಷಯ ಅವರ ಬಾಯಿಂದ ಮೊದಲು ಹೊರಬಂದರೆ ಉದ್ಯೋಗಿ ಏನೋ ಮುಚ್ಚಿಟ್ಟಂತೆ ಕಾಣುತ್ತದೆ. ಪತ್ರದಲ್ಲೇ ಇದ್ದರೆ ಪ್ರಶ್ನೆ ಸ್ಪಷ್ಟವಾಗಿ ಬೇರ್ಪಡುತ್ತದೆ: ತಪ್ಪು ನಡೆದಿತ್ತು, ತಿದ್ದಿಯೂ ಆಗಿತ್ತು, ಅದಕ್ಕೆ ಹೀಗೆ ಮಾತಾಡಬಹುದೇ?

ಸಾಕ್ಷಿಗಳ ವಿಷಯದಲ್ಲಿ ‘ಇವರೆಲ್ಲ ನನ್ನ ಪರ ಹೇಳುತ್ತಾರೆ’ ಎಂದು ಬರೆಯಬಾರದು. ಅವರೂ ಅದೇ ಮ್ಯಾನೇಜರ್ ಕೆಳಗೆ ದುಡಿಯುವವರು. ‘ಹಾಜರಿದ್ದರು’ ಎಂದಷ್ಟೇ ಬರೆದರೆ ಸಾಕು. ಯಾರೂ ಇಲ್ಲದ ಕ್ಯಾಬಿನ್‌ನಲ್ಲಿ ಆಡಿದ ಮಾತಿಗೆ ಅದೇ ದಿನ ಕಳಿಸಿದ ಮೇಲ್ ಆಸರೆ: ‘ಇಂದು ನಾಲ್ಕು ಗಂಟೆಗೆ ತಾವು ಹೀಗೆ ಹೇಳಿದಿರಿ, ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ತಿಳಿಸಿ.’ ಅದು ಪೂರ್ಣ ಪುರಾವೆಯಲ್ಲ. ಆದರೂ ದೂರು ಕೊಡುವಾಗ ಹೊಸದಾಗಿ ಕಟ್ಟಿದ ಕಥೆಯಲ್ಲ ಎಂಬುದನ್ನು ತೋರಿಸುತ್ತದೆ.

ಪುರಾವೆ ಕೂಡಿಸುವ ಆತುರದಲ್ಲಿ ಹಲವರು ಎಡವುವುದು ಕಚೇರಿಯ ಮೇಲ್‌ಗಳನ್ನು ತಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವಲ್ಲಿ. ಅದರಲ್ಲಿ ಗ್ರಾಹಕರ ಅಥವಾ ಲೆಕ್ಕದ ಮಾಹಿತಿ ಇದ್ದರೆ ಗೋಪ್ಯತೆ ಮುರಿದ ಆರೋಪ ದೂರುದಾರರ ಮೇಲೆಯೇ ತಿರುಗುತ್ತದೆ. ಮೇಲ್‌ನ ವಿಷಯ, ದಿನ, ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ‘ಈ ಮೇಲ್ ಅಳಿಸಿಹೋಗದಂತೆ ಕಾಪಾಡಿ’ ಎಂದು ಪತ್ರದಲ್ಲಿ ಕೇಳುವುದು ಸುರಕ್ಷಿತ.

ಏನು ಕೇಳಬೇಕು?

‘ಅವರನ್ನು ಕೆಲಸದಿಂದ ತೆಗೆಯಿರಿ’ ಎಂದು ಕೇಳುವುದು ಸಹಜ, ಆದರೆ ಅದರಿಂದ ಪತ್ರ ಸೊರಗುತ್ತದೆ. ಶಿಕ್ಷೆ ಏನೆಂಬುದು ಕಂಪನಿಯ ನಿರ್ಧಾರ. ಅನೇಕ ಕಡೆ ಅದನ್ನು ದೂರುದಾರರಿಗೆ ತಿಳಿಸುವುದೂ ಇಲ್ಲ. ಮೇಲಿನ ಮೂರು ಕೋರಿಕೆಗಳು ಎಚ್‌ಆರ್ ಮತ್ತು ವಿಭಾಗದ ಮುಖ್ಯಸ್ಥರು ತಮ್ಮ ಮಟ್ಟದಲ್ಲೇ ಮಾಡಬಹುದಾದವು, ಮತ್ತು ಒಂದೊಂದೂ ಒಂದು ಗಾಯಕ್ಕೆ ಸಂಬಂಧಿಸಿದೆ. ರೇಟಿಂಗ್ ಬೆದರಿಕೆಗೆ ಎದುರಾಗಿ ರೇಟಿಂಗ್ ಪರಿಶೀಲನೆ ಇದೆ. ದಿನವೂ ಮುಖಾಮುಖಿಯಾಗುವ ಕಷ್ಟಕ್ಕೆ ತಾತ್ಕಾಲಿಕ ಬದಲಿ ಮ್ಯಾನೇಜರ್. ಕೊಟ್ಟರೋ ಇಲ್ಲವೋ ಎಂದು ಆಮೇಲೆ ಅಳೆಯಲು ಸಾಧ್ಯವಿರುವ ಕೋರಿಕೆಗಳಿವು. ‘ಸೂಕ್ತ ಕ್ರಮ’ ಎಂದರೆ ಅಳೆಯಲು ಏನೂ ಇಲ್ಲ.

ಯಾವಾಗ ಕೊಡಬೇಕು ಎಂಬುದೂ ಮುಖ್ಯ. ರೇಟಿಂಗ್ ಕೆಟ್ಟದಾಗಿ ಬಂದ ಮೇಲೆ ಅಥವಾ ನೋಟಿಸ್ ಅವಧಿಯಲ್ಲಿ ಕೊಟ್ಟ ದೂರು ಸೇಡಿನಂತೆ ಕಾಣುತ್ತದೆ. ಮೊದಲೇ ಕೊಟ್ಟಿದ್ದರೆ, ನಂತರ ರೇಟಿಂಗ್ ಏಕಾಏಕಿ ಕುಸಿದರೆ ಆ ಕುಸಿತವೇ ಪ್ರಶ್ನೆಗೆ ಒಳಗಾಗುತ್ತದೆ. ದೂರು ತಲುಪಿದ್ದಕ್ಕೆ ಸ್ವೀಕೃತಿ ಮೇಲ್ ಕೇಳಿ ಪಡೆಯಬೇಕು. ಎಚ್‌ಆರ್ ಜೊತೆ ಬಾಯಿಮಾತಿನ ಭೇಟಿಯಾದರೆ ಅಂದೇ ಸಾರಾಂಶ ಬರೆದು ಕಳಿಸಬೇಕು.

ಎಚ್‌ಆರ್ ಕಂಪನಿಯ ವಿಭಾಗ, ಉದ್ಯೋಗಿಯ ವಕೀಲರಲ್ಲ. ಹೀಗಾಗಿ ಒಳ್ಳೆಯ ಪತ್ರಕ್ಕೂ ಮೌನ ಉತ್ತರವಾಗಬಹುದು. ಆಗ ನೀತಿಯಲ್ಲಿರುವ ಮೇಲ್ಮನವಿ ಅಧಿಕಾರಿಗೆ ಹೋಗಬೇಕು. ಕಾನೂನಿನ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಆಡಳಿತದ ಮತ್ತು ಕಾರ್ಮಿಕರ ಸಮಾನ ಪ್ರತಿನಿಧಿಗಳಿರುವ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಲಿಖಿತ ಅರ್ಜಿ ಬಂದ 30 ದಿನಗಳಲ್ಲಿ ವಿಚಾರಣೆ ಮುಗಿಸುವುದು ಅದರ ಗುರಿ. ಕಾನೂನಿನ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಈ ಬಾಗಿಲು ತೆರೆದಿದೆ. ಆಡಳಿತಾತ್ಮಕ ಹುದ್ದೆಯಲ್ಲಿರುವವರಿಗೆ ಇಲ್ಲ. ಕರ್ನಾಟಕದ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಾಗಲೂ ಇಂಥ ಸಮಿತಿ ರಚಿಸಬೇಕೆಂಬ ಷರತ್ತು ಹಾಕಿತ್ತು. ಸಮಿತಿಯ ಮುಂದೆ ಹೋದಾಗ ಹೊಸದಾಗಿ ಏನನ್ನೂ ಬರೆಯಬೇಕಾಗಿಲ್ಲ. ಅದೇ ಪತ್ರ, ಸ್ವೀಕೃತಿ ಮೇಲ್ ಮತ್ತು ಎಚ್‌ಆರ್ ಉತ್ತರಿಸದೆ ಕಳೆದ ದಿನಗಳ ಪಟ್ಟಿ ಲಗತ್ತಿಸಿದರೆ ಸಾಕು.